ಮೆರೂನ್ ಹಚ್ಚಿದರೆ ಗುಲಾಬಿ ಯಾಕಾಗುತ್ತದೆ?

ಮದುವೆ ಊಟ ಮುಗಿಯುವ ಹೊತ್ತಿಗೆ ಮದುಮಗಳ ತುಟಿಯಲ್ಲಿ ಲಿಪ್‌ಸ್ಟಿಕ್ ಉಳಿದಿರುವುದಿಲ್ಲ. ಹೋಳಿಗೆ, ತುಪ್ಪ, ಪಾಯಸ ಎಲ್ಲ ಸೇರಿ ಅದನ್ನು ಒರೆಸಿಕೊಂಡು ಹೋಗಿರುತ್ತವೆ. ಮೇಕಪ್ ಮಾಡಿದವರು ಮುಹೂರ್ತ ಆಗುತ್ತಲೇ ಇನ್ನೊಂದು ಮದುವೆಗೆ ಹೊರಟಿರುತ್ತಾರೆ. ತೀರ್ಥಹಳ್ಳಿ ಕಡೆಯ ಮದುವೆಯೊಂದರಲ್ಲಿ ಹೀಗೇ ಆಯಿತು. ಊಟದ ನಂತರ ಮನೆ ಪಕ್ಕದ ಅಡಿಕೆ ತೋಟದಲ್ಲಿ ಜೋಡಿಯ ಫೋಟೊ ತೆಗೆದೆ. ಬೆಳಕು ಚೆನ್ನಾಗಿತ್ತು, ನಗು ಚೆನ್ನಾಗಿತ್ತು, ತುಟಿ ಮಾತ್ರ ಬೋಳು. ಕಣ್ಣಿನ ಮೇಲಿನ ಐಶ್ಯಾಡೋ ಬೆವರಿಗೆ ಇಳಿದು ಹೋಗಿತ್ತು. ಆಲ್ಬಮ್ ನೋಡಲು ಶಿವಮೊಗ್ಗ ದುರ್ಗಿಗುಡಿಯ ನಮ್ಮ ಸ್ಟುಡಿಯೊಗೆ ಬಂದ ಹುಡುಗಿ, "ಅಣ್ಣಾ, ಧಾರೆಗೆ ಹಚ್ಚಿದ್ದ ಅದೇ ಮೆರೂನ್ ಇದಕ್ಕೂ ಹಾಕಿ ಕೊಡ್ತೀರಾ?" ಅಂದಳು.

ಆಗ ನನ್ನ ಜೊತೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗ ಮೊದಲು ಫೋಟೊಶಾಪ್ ತೆರೆದು ಕೂತ. ಹೊಸ ಲೇಯರ್ ತೆಗೆದು, ಮೆರೂನ್ ಬಣ್ಣದ ಬ್ರಷ್‌ನಲ್ಲಿ ತುಟಿ ತುಂಬಿ, ಅಪಾಸಿಟಿಯನ್ನು, ಅಂದರೆ ಬಣ್ಣದ ದಟ್ಟತನವನ್ನು, ನೂರರಿಂದ 65ಕ್ಕೆ ಇಳಿಸಿದ. ಹುಡುಗಿಯ ತಾಯಿ ನೋಡಿ, "ಇದೆಂತ, ತುಟಿ ಅಂಟಿಸಿದ ಹಾಗೆ ಕಾಣ್ತದಲ್ಲ" ಅಂದರು. ಅವನು ಲೇಯರಿನ ಮೋಡನ್ನು, ಅಂದರೆ ಅದು ಕೆಳಗಿನ ಫೋಟೊ ಜೊತೆ ಬೆರೆಯುವ ರೀತಿಯನ್ನು, Color ಮಾಡಿದ. ತುಟಿಯ ಗೆರೆಗಳೆಲ್ಲ ವಾಪಸ್ ಬಂದವು. ಆದರೆ ಮೆರೂನ್ ಹೋಗಿ ಗುಲಾಬಿ ಬಂತು. "ಅಣ್ಣಾ, ಇದು ಪಿಂಕು!"

ಎರಡು ದೂರೂ ಸರಿಯಾದದ್ದೇ. ಈ ಕೆಲಸದ ಗುಟ್ಟೆಲ್ಲ ಆ ಎರಡು ದೂರಿನ ನಡುವೆಯೇ ಇದೆ.

ತುಟಿಯಲ್ಲಿ ಗೆರೆ ಇದೆ ಅಂತ ನಮ್ಮ ಕಣ್ಣಿಗೆ ಗೊತ್ತಾಗುವುದು ಬಣ್ಣದಿಂದ ಅಲ್ಲ, ಬೆಳಕು–ಕತ್ತಲಿನ ವ್ಯತ್ಯಾಸದಿಂದ. ಉಬ್ಬಿದ ಕಡೆ ಸ್ವಲ್ಪ ಬೆಳಗು, ಗೆರೆಯೊಳಗೆ ಸ್ವಲ್ಪ ಮಬ್ಬು. ಪ್ರತಿ ಬಿಂದುವಿನಲ್ಲೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂಬುದಕ್ಕೆ R, G, B ಎಂಬ ಮೂರು ಅಂಕಿ, ಒಂದೊಂದೂ 0ಯಿಂದ 255ರವರೆಗೆ. ಒಂದು ಬಿಂದು ಎಷ್ಟು ಬೆಳಗಿದೆ ಎಂಬುದನ್ನು ಫೋಟೊಶಾಪ್ ಸುಮಾರು ಹೀಗೆ ಲೆಕ್ಕ ಹಾಕುತ್ತದೆ:

```
Lum = 0.30 R + 0.59 G + 0.11 B
```

ಆ ಫೋಟೊದಲ್ಲಿ ಕೆಳತುಟಿಯ ಉಬ್ಬಿನ ಮೇಲೆ ಬಣ್ಣದ ಅಂಕಿ ಓದುವ ಐಡ್ರಾಪರ್ ಇಟ್ಟರೆ 176, 112, 108 ಬಂತು. ಬೆಳಗು 131. ಪಕ್ಕದ ಗೆರೆಯೊಳಗೆ 150, 90, 86, ಬೆಳಗು 108. ಎರಡರ ನಡುವಿನ ಅಂತರ 23. ತುಟಿ ತುಟಿಯಾಗಿ ಕಾಣಲು ಉಳಿಸಿಕೊಳ್ಳಬೇಕಾದ ಆಸ್ತಿ ಈ 23. ಹುಡುಗ ಆರಿಸಿದ್ದ ಮೆರೂನ್ 110, 20, 40. ಅದರ ಬೆಳಗು ಬರೀ 49. ಮಾಮೂಲಿ ಮೋಡಿನಲ್ಲಿ 65 ಪಾಲು ಬಳಿದಾಗ ಚರ್ಮದ ಪಾಲು ಉಳಿಯುವುದು 35. ಹಾಗಾಗಿ 23ರ ಅಂತರ 8ಕ್ಕೆ ಬಂದು ನಿಂತಿತು. ತಾಯಿಗೆ ಅಂಟಿಸಿದ ಹಾಗೆ ಕಂಡದ್ದು ಅದಕ್ಕೇ.

ಕಲರ್ ಮೋಡ್ ಮಾಡುವ ಕೆಲಸ ಬೇರೆ. ಮೇಲಿನ ಲೇಯರಿನಿಂದ ಯಾವ ಬಣ್ಣ, ಎಷ್ಟು ಗಾಢ ಅನ್ನುವುದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಬೆಳಗನ್ನು ಕೆಳಗಿನ ಚರ್ಮದಿಂದ ಹಾಗೆ ಹಾಗೆಯೇ ಉಳಿಸಿಕೊಳ್ಳುತ್ತದೆ. ಮೆರೂನಿನ ಬೆಳಗು 49, ತುಟಿಯದ್ದು 131. ಈ ವ್ಯತ್ಯಾಸವನ್ನು ತುಂಬಲು R, G, B ಮೂರಕ್ಕೂ 82ರಷ್ಟು ಕೂಡಿಸುತ್ತದೆ. 110, 20, 40 ಇದ್ದದ್ದು 192, 102, 122 ಆಗುತ್ತದೆ. ಅದು ಅಪ್ಪಟ ಗುಲಾಬಿ. ಮೆರೂನನ್ನು ಮೆರೂನ್ ಮಾಡಿದ್ದೇ ಅದರ ಕಪ್ಪು. ಕಪ್ಪನ್ನು ತರಲು ಕಲರ್ ಮೋಡಿಗೆ ಅಪ್ಪಣೆಯಿಲ್ಲ. ಇನ್ನೂ ಕಪ್ಪಗಿನ ಮೆರೂನ್ ಆರಿಸಿದರೂ ಗುಲಾಬಿಯೇ ಬರುತ್ತದೆ. ಎಷ್ಟೋ ಜನ ಇಲ್ಲಿ ಬಣ್ಣ ಬದಲಿಸುತ್ತಾ ಅರ್ಧ ದಿನ ಕಳೆಯುತ್ತಾರೆ.

ಕಪ್ಪನ್ನು ತರಬೇಕಾದದ್ದು Soft Light ಎಂಬ ಇನ್ನೊಂದು ಮೋಡ್. ಇದಕ್ಕೆ 128 ಎಂಬುದು ನಡುಗೆರೆ: ಮೇಲಿನ ಬಣ್ಣ 128 ಇದ್ದರೆ ಏನೂ ಆಗುವುದಿಲ್ಲ, ಕಡಿಮೆ ಇದ್ದರೆ ಕೆಳಗಿನದು ಮಬ್ಬಾಗುತ್ತದೆ, ಹೆಚ್ಚಿದ್ದರೆ ಬೆಳಗುತ್ತದೆ. ಈ ಲೆಕ್ಕ R, G, B ಮೂರಕ್ಕೂ ಬೇರೆ ಬೇರೆಯಾಗಿ ನಡೆಯುತ್ತದೆ. ನಮ್ಮ ಮೆರೂನಿನಲ್ಲಿ ಕೆಂಪು 110, ನಡುಗೆರೆಯ ಹತ್ತಿರವೇ ಇದೆ. ಹಾಗಾಗಿ ತುಟಿಯ ಕೆಂಪು ಹೆಚ್ಚೇನೂ ಕದಲುವುದಿಲ್ಲ. ಹಸಿರು 20, ನೀಲಿ 40. ಅವೆರಡೂ ಚೆನ್ನಾಗಿ ಇಳಿಯುತ್ತವೆ. ಅಂದರೆ ಸಾಫ್ಟ್ ಲೈಟ್ ಬರೀ ಮಬ್ಬು ಮಾಡುವುದಿಲ್ಲ, ಬಣ್ಣವನ್ನೂ ಗಾಢ ಮಾಡುತ್ತದೆ. ಅದರ ಕೆಳಗಿರುವ ಕಲರ್ ಲೇಯರನ್ನು ನೂರಕ್ಕೆ ಬಿಡದೆ ಇಳಿಸಬೇಕಾದದ್ದು ಇದಕ್ಕಾಗಿ.

ನಾನು ಮಾಡಿದ್ದು ಹೀಗೆ. ಬಣ್ಣ ತುಟಿಯಾಚೆ ಹೋಗದಂತೆ ತುಟಿಯ ಆಕಾರಕ್ಕೆ ಒಂದೇ ಮಾಸ್ಕ್ ಮಾಡಿ ಅದನ್ನು ಒಂದು ಗ್ರೂಪಿಗೆ ಹಾಕಿದೆ. ಒಳಗೆ ಅದೇ ಮೆರೂನಿನ ಎರಡು ಲೇಯರ್: ಕೆಳಗೆ ಕಲರ್ 65 ಪರ್ಸೆಂಟ್, ಮೇಲೆ ಸಾಫ್ಟ್ ಲೈಟ್ 60. ಉಬ್ಬಿನ ಬಿಂದು 182, 74, 91ಕ್ಕೆ ಬಂತು, ಬೆಳಗು 108. ಗೆರೆಯೊಳಗಿನದು 157, 54, 70, ಬೆಳಗು 87. ಅಂತರ 21. ತುಟಿ ಒಟ್ಟಾರೆ ಕಪ್ಪಾಯಿತು, ಗೆರೆಗಳ 23ರಲ್ಲಿ ಹೋದದ್ದು ಎರಡೇ. ಹುಡುಗಿ ಪರದೆಯ ಹತ್ತಿರ ಬಗ್ಗಿ ನೋಡಿ, "ಹಾಂ, ಇದು" ಅಂದಳು.

ಮಾಸ್ಕಿನ ಅಂಚಿನ ಬಗ್ಗೆ ಒಂದು ಮಾತು. ತುಟಿಯ ಅಂಚು ಕತ್ತರಿಸಿಟ್ಟಂತೆ ಇರುವುದಿಲ್ಲ. ತುಟಿ ಸುಮಾರು 300 ಪಿಕ್ಸೆಲ್ ಅಗಲ ಬರುವ ಫೋಟೊದಲ್ಲಿ ಅಂಚು ಮೆತ್ತಗಾಗಲು ನಾನು 2 ಪಿಕ್ಸೆಲ್ ಫೆದರ್ ಕೊಡುತ್ತೇನೆ. ಹಲ್ಲು ಕಾಣುವ ನಗುವಾದರೆ ಹಲ್ಲಿನ ಅಂಚನ್ನು ಕೈಯಿಂದಲೇ ತಿದ್ದಬೇಕು. ಬಿಳಿಯ ಮೇಲೆ ಕಲರ್ ಮೋಡ್ ಬಿದ್ದರೆ ಎಲೆ ಅಡಿಕೆ ಹಾಕಿದವರ ಹಲ್ಲಿನ ಹಾಗೆ ಆಗುತ್ತದೆ.

ಇನ್ನೂ ಒಂದು ತಪ್ಪು ಬಾಕಿ ಇತ್ತು. ಕೆಳತುಟಿಯ ನಡುವೆ ಆಕಾಶದ ಬೆಳಕು ಬಿದ್ದು ಒಂದು ಹೊಳಪಿತ್ತು, ಹೆಚ್ಚುಕಡಿಮೆ ಬಿಳಿ: 240, 225, 222. ಕಲರ್ ಲೇಯರ್ ಪೂರ್ತಿ ಬಿದ್ದರೆ ಅದು 255, 217, 225 ಆಗುತ್ತದೆ, ಅಂದರೆ ಹೊಳಪೇ ಗುಲಾಬಿ. ನಿಜವಾದ ಲಿಪ್‌ಸ್ಟಿಕ್‌ನಲ್ಲಿ ಹಾಗಾಗುವುದಿಲ್ಲ. ಮೇಣ, ಎಣ್ಣೆಯ ಮೇಲ್ಮೈಯಿಂದ ಚಿಮ್ಮುವ ಬೆಳಕಿಗೆ ಬೆಳಕಿನದ್ದೇ ಬಣ್ಣ, ಲಿಪ್‌ಸ್ಟಿಕ್ಕಿನದ್ದಲ್ಲ. ಹೊಳಪಿಗೆ ಬಣ್ಣ ಬಂದ ಕ್ಷಣ ತುಟಿ ಪ್ಲಾಸ್ಟಿಕ್ ಆಗುತ್ತದೆ. ನೋಡುವವರಿಗೆ ಏನು ತಪ್ಪು ಅಂತ ಹೇಳಲು ಬರುವುದಿಲ್ಲ, ಸರಿ ಇಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಕಲರ್ ಲೇಯರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬರುವ ಕಿಟಕಿಯಲ್ಲಿ, ಕೆಳಗಿನ ಫೋಟೊದ ಬೆಳಗು ನೋಡಿ ಲೇಯರನ್ನು ಮರೆಮಾಡುವ Blend If ಇದೆ. ಅಲ್ಲಿ Underlying Layer ಪಟ್ಟಿಯ ಬಲಗಡೆಯ ತ್ರಿಕೋನವನ್ನು Alt ಒತ್ತಿ ಎರಡಾಗಿ ಸೀಳಿ, ಒಂದನ್ನು 190ಕ್ಕೆ, ಇನ್ನೊಂದನ್ನು 235ಕ್ಕೆ ಇಟ್ಟೆ. 190ರಿಂದ ಬಣ್ಣ ನಿಧಾನವಾಗಿ ಕರಗಿ 235ಕ್ಕೆ ಪೂರ್ತಿ ನಿಲ್ಲುತ್ತದೆ. ಸಾಫ್ಟ್ ಲೈಟಿಗೆ ಈ ಉಪಚಾರ ಅಷ್ಟಾಗಿ ಬೇಡ. ಅದರ ಲೆಕ್ಕವೇ ಹಾಗಿದೆ: ನಡುವಿನ ಬೆಳಗಿನ ಮೇಲೆ ಹೆಚ್ಚು ಕೆಲಸ ಮಾಡುತ್ತದೆ, ಅಚ್ಚ ಬಿಳಿಯನ್ನೂ ಅಚ್ಚ ಕಪ್ಪನ್ನೂ ಮುಟ್ಟುವುದಿಲ್ಲ.

ಅದೇ ಗುಣ ಕಣ್ಣಿನ ಕೆಲಸದಲ್ಲಿ ನಮಗೆ ಉಪಕಾರ ಮಾಡುತ್ತದೆ. ರೆಪ್ಪೆಯ ಕೂದಲುಗಳನ್ನು ಒಂದೊಂದಾಗಿ ಬಿಡಿಸಿ ಮಾಸ್ಕ್ ಮಾಡುವ ಕಷ್ಟ ಬೇಡ. ಕಪ್ಪು ಕೂದಲಿನ ಮೇಲೆ ಸಾಫ್ಟ್ ಲೈಟ್ ಬಿದ್ದರೂ ಅದು ಕಪ್ಪಾಗಿಯೇ ಇರುತ್ತದೆ. ಕಲರ್ ಬಿದ್ದರೂ ಅಷ್ಟು ಕತ್ತಲಲ್ಲಿ ಬಣ್ಣ ಕಾಣಿಸಿಕೊಳ್ಳಲು ಜಾಗವಿಲ್ಲ. ಕಣ್ಣಿನ ಬಿಳಿಯನ್ನು ಮಾತ್ರ ಎಚ್ಚರದಿಂದ ಬಿಡಿಸಿಕೊಂಡರೆ ಸಾಕು.

ಈ ಹುಡುಗಿಗೆ ತಾಮ್ರದ ಬಣ್ಣದ ಐಶ್ಯಾಡೋ ಹಾಕಿದೆ. ತುಟಿಗೆ ಹೋಲಿಸಿದರೆ ಇಲ್ಲಿ ಮೂರು ವ್ಯತ್ಯಾಸ. ಅಂಚು ಇರಬಾರದು, ಫೆದರ್ 30 ಪಿಕ್ಸೆಲ್, ರೆಪ್ಪೆಯ ಬುಡದಲ್ಲಿ ಗಾಢ, ಹುಬ್ಬಿಗೆ ಮುಟ್ಟುವ ಮೊದಲೇ ಮಾಯ. ಕಲರ್ ಕಡಿಮೆ, 30 ಸಾಕು. ಕಣ್ಣಿನ ಮೇಲಿನ ಚರ್ಮದಲ್ಲಿ ಕಂದು, ನಸುಗೆಂಪು, ನೀಲಿ ನರದ ಛಾಯೆ ಎಲ್ಲ ಬೆರೆತಿರುತ್ತವೆ. ಕಲರ್ ಮೋಡ್ ಬೆಳಗನ್ನು ಉಳಿಸುತ್ತದೆ ನಿಜ, ಆದರೆ ಈ ಬಣ್ಣಗಳ ಬೆರಕೆಯನ್ನು ಒರೆಸಿ ಒಂದೇ ಬಣ್ಣ ಬಳಿಯುತ್ತದೆ. ನೂರಕ್ಕಿಟ್ಟರೆ ಸುಕ್ಕು, ರಂಧ್ರ ಎಲ್ಲ ಇದ್ದೂ ಚರ್ಮ ಸತ್ತ ಹಾಗೆ ಕಾಣುತ್ತದೆ. ನೀಲಿ ಅಥವಾ ನೇರಳೆಯಾದರಂತೂ ಯಾರೋ ಗುದ್ದಿದ ಹಾಗೆ. ಸಾಫ್ಟ್ ಲೈಟ್ 50 ಇಟ್ಟೆ.

ಮೂರನೆಯದು ಗ್ರೇನ್, ಅಂದರೆ ಕಡಿಮೆ ಬೆಳಕಿನ ಫೋಟೊದಲ್ಲಿ ಕಾಣುವ ಸಣ್ಣ ಚುಕ್ಕೆಗಳು. ಚಿನ್ನದ ಬಣ್ಣದಂಥ ತಿಳಿ ಐಶ್ಯಾಡೋವನ್ನು ಸಾಫ್ಟ್ ಲೈಟ್‌ನಲ್ಲಿ ಹಾಕಿದರೆ ಮಬ್ಬಿನ ಭಾಗಗಳು ಮೇಲೆದ್ದು, ಅಲ್ಲಿದ್ದ ಗ್ರೇನ್ ಕೂಡ ಜೊತೆಗೇ ಏಳುತ್ತದೆ. ಮಳೆಗಾಲದ ಸಂಜೆ ಐಎಸ್‌ಒ 3200ರಲ್ಲಿ ತೆಗೆದ ಫೋಟೊದಲ್ಲಿ ಅದನ್ನು ಚರ್ಮದ ರಂಧ್ರ ಅಂದುಕೊಂಡು ಖುಷಿಪಟ್ಟವರನ್ನು ನೋಡಿದ್ದೇನೆ. ಪರೀಕ್ಷೆ ಸುಲಭ: ಪಕ್ಕದ ಬರೀ ಹಿನ್ನೆಲೆಯಲ್ಲೂ ಅದೇ ಚುಕ್ಕೆಗಳಿದ್ದರೆ ಅದು ಚರ್ಮವಲ್ಲ.

ತೋಟದ ಫೋಟೊ ಆದ್ದರಿಂದ ಇನ್ನೊಂದು ತಕರಾರು. ಅಡಿಕೆ ಸೋಗೆಯ ಮಧ್ಯದಿಂದ ಇಳಿದ ಬೆಳಕಿಗೆ ಹಸಿರು ಇರುತ್ತದೆ, ಮುಖದ ಮೇಲೂ ಅದರ ಛಾಯೆ. ಕಲರ್ ಲೇಯರಿಗೆ ಆ ಹಸಿರು ಗೊತ್ತಿಲ್ಲ. ತುಟಿ ಮಾತ್ರ ಕಲ್ಯಾಣಮಂಟಪದ ಲೈಟಿನಲ್ಲಿ ನಿಂತ ಹಾಗೆ ಕಾಣುತ್ತದೆ. ಅದಕ್ಕೇ ಬಣ್ಣ ಹಚ್ಚುವ ಮೊದಲು ವೈಟ್ ಬ್ಯಾಲೆನ್ಸ್ ಸರಿಮಾಡಿಕೊಳ್ಳಬೇಕು. ನಾನು ಮದುಮಗನ ಬಿಳಿ ಪಂಚೆಯ ಮೇಲೆ ಕ್ಲಿಕ್ ಮಾಡುತ್ತೇನೆ. ನೀಲಿ ಹಾಕಿ ಒಗೆದ ಪಂಚೆ ಆದರೆ ಮೋಸ, ಫೋಟೊ ಹಳದಿಗೆ ವಾಲುತ್ತದೆ. ಹಸಿರನ್ನು ಪೂರ್ತಿ ತೆಗೆಯುವುದೂ ಇಲ್ಲ, ತೋಟ ತೋಟವಾಗಿ ಉಳಿಯಬೇಕಲ್ಲ. ಉಳಿದ ಅಲ್ಪಸ್ವಲ್ಪ ಛಾಯೆ ಕಲರ್ 65ರ ಅಡಿಯಿಂದ ತುಟಿಗೂ ಬರುತ್ತದೆ.

ಎಲ್ಲ ಮುಗಿದ ಮೇಲೆ ಎಲ್ಲಕ್ಕಿಂತ ಮೇಲೆ ಬೂದು ಬಣ್ಣ ತುಂಬಿದ ಒಂದು ಲೇಯರ್ ಇಟ್ಟು ಅದನ್ನು ಕಲರ್ ಮೋಡಿಗೆ ಹಾಕುತ್ತೇನೆ. ಫೋಟೊ ಕಪ್ಪು–ಬಿಳುಪಾಗುತ್ತದೆ, ಬರೀ ಬೆಳಗು ಉಳಿಯುತ್ತದೆ. ಈಗ ಮೇಕಪ್ ಗ್ರೂಪನ್ನು ಆನ್ ಆಫ್ ಮಾಡಿ ನೋಡಬೇಕು. ತುಟಿ ಒಟ್ಟಿಗೆ ಮಬ್ಬಾಗಬೇಕು, ಗೆರೆಗಳು ಇದ್ದಲ್ಲೇ ಇರಬೇಕು. ಏನೂ ಬದಲಾಗದಿದ್ದರೆ ಬರೀ ಕಲರ್ ಕೆಲಸ ಮಾಡುತ್ತಿದೆ, ಮೆರೂನ್ ಇನ್ನೂ ಗುಲಾಬಿಯೇ. ಗೆರೆ ಅಳಿಸಿದರೆ ಎಲ್ಲೋ ಒಂದು ಲೇಯರ್ ಮಾಮೂಲಿ ಮೋಡಿನಲ್ಲೇ ಉಳಿದಿದೆ.

ಆ ಮದುವೆಯಲ್ಲಿ ಒಂದು ಫೋಟೊ ಮಾತ್ರ ಹಾಗೇ ಬಿಟ್ಟೆ. ಜಗಲಿಯ ಕತ್ತಲಲ್ಲಿ ಫ್ಲಾಶ್ ಜೋರಾಗಿ ಬಿದ್ದು ಮೇಲ್ತುಟಿ ಪೂರ್ತಿ 255ಕ್ಕೆ ಹೋಗಿತ್ತು. ಸಾಫ್ಟ್ ಲೈಟ್ ಅದನ್ನು ಮುಟ್ಟುವುದಿಲ್ಲ, ಕಲರ್ ಅದರಲ್ಲಿ ನಿಲ್ಲುವುದಿಲ್ಲ, ಉಳಿಸಲು ಅಲ್ಲಿ ಗೆರೆಯೇ ಇಲ್ಲ. ಹುಡುಗಿಗೆ ತೋರಿಸಿ ಹೇಳಿದೆ. "ಹೋಗ್ಲಿ ಬಿಡಿ ಅಣ್ಣಾ, ಅದರಲ್ಲಿ ಅಜ್ಜಿ ಚಂದ ಬಂದಿದ್ದಾರೆ" ಅಂದಳು. ಅದು ಬೋಳು ತುಟಿಯಲ್ಲೇ ಆಲ್ಬಮ್ ಸೇರಿತು.