ಹೈಬ್ರಿಡ್ ಎನ್‌ಕ್ರಿಪ್ಶನ್: ಕೀ ನಮ್ಮ ಡಿಸ್ಕ್‌ನಲ್ಲೇ ಇದ್ದರೂ ಫೈಲ್ ತೆರೆಯಲ್ಲ, ಯಾಕೆ?

ಫೈಲ್‌ಗೆ ಬೀಗ ಹಾಕಲು ಎರಡು ದಾರಿ ಇವೆ. ಎಇಎಸ್ ಎಂಬ ವಿಧಾನದಲ್ಲಿ ಹಾಕುವುದಕ್ಕೂ ತೆಗೆಯುವುದಕ್ಕೂ ಒಂದೇ ಕೀ. ಕೆಲಸ ಬಲು ಬೇಗ ಆಗುತ್ತದೆ. ಆರ್‌ಎಸ್‌ಎ ಎಂಬ ಇನ್ನೊಂದು ವಿಧಾನದಲ್ಲಿ ಜೋಡಿ ಕೀ: ಪಬ್ಲಿಕ್ ಕೀಯಿಂದ ಮುಚ್ಚಿದ್ದನ್ನು ಪ್ರೈವೇಟ್ ಕೀ ಮಾತ್ರ ತೆರೆಯುತ್ತದೆ. ಆದರೆ ಇದು ನಿಧಾನ, ದೊಡ್ಡ ಫೈಲ್‌ಗೆ ಒಗ್ಗುವುದಿಲ್ಲ. ಹಾಗಾಗಿ ಫೈಲನ್ನು ಎಇಎಸ್‌ನಿಂದ ಮುಚ್ಚಿ, ಆ ಪುಟ್ಟ ಎಇಎಸ್ ಕೀಯನ್ನು ಮಾತ್ರ ಆರ್‌ಎಸ್‌ಎಯಿಂದ ಮುಚ್ಚುತ್ತಾರೆ. ಇದೇ ಹೈಬ್ರಿಡ್ ಎನ್‌ಕ್ರಿಪ್ಶನ್. ಮೇಲನ್ನು ಗುಟ್ಟಾಗಿ ಕಳಿಸುವ ಪಿಜಿಪಿ ನಡೆಯುವುದೂ ಹೀಗೇ.

ಫೈಲ್‌ಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ, ಅಂದರೆ ರ‍್ಯಾನ್ಸಮ್‌ವೇರ್, ಬಳಸುವುದೂ ಇದೇ ಉಪಾಯ. 1989ರಲ್ಲಿ ಫ್ಲಾಪಿಯಲ್ಲಿ ಬಂದ ಅಂಥದ್ದೇ ‘ಏಡ್ಸ್ ಟ್ರೋಜನ್’ಗೆ ಮಾತ್ರ ಇದು ಗೊತ್ತಿರಲಿಲ್ಲ. ಬೀಗ ತೆಗೆಯಲು ಬೇಕಾದದ್ದು ಆ ಪ್ರೋಗ್ರಾಂ ಒಳಗೇ ಇತ್ತು. ಅದನ್ನು ಬಿಚ್ಚಿ ನೋಡಿದವರು ಬಿಡಿಸುವ ಟೂಲ್ ಬರೆದರು, ಕಥೆ ಮುಗಿಯಿತು.

2017ರ ಮೇ ತಿಂಗಳಿನ ವನ್ನಾಕ್ರೈ ಹಾಗಲ್ಲ. ಪ್ರತಿ ಫೈಲ್‌ಗೂ ಹೊಸ ಎಇಎಸ್ ಕೀ ಹುಟ್ಟಿಸಿತು. ಆ ಕಂಪ್ಯೂಟರ್‌ನಲ್ಲೇ ಒಂದು ಆರ್‌ಎಸ್‌ಎ ಜೋಡಿ ಮಾಡಿ, ಅದರ ಪಬ್ಲಿಕ್ ಕೀಯಿಂದ ಎಇಎಸ್ ಕೀ ಮುಚ್ಚಿ, ಅದನ್ನು ಅದೇ ಫೈಲ್‌ನ ತಲೆಗೆ ಅಂಟಿಸಿತು. ಇನ್ನು ಜೋಡಿಯ ಪ್ರೈವೇಟ್ ಕೀ? ಅದನ್ನು ದಾಳಿಕೋರರ ಪಬ್ಲಿಕ್ ಕೀಯಿಂದ ಮುಚ್ಚಿ `00000000.eky` ಎಂಬ ಫೈಲ್‌ನಲ್ಲಿ ಇಟ್ಟಿತು. ಅಂದರೆ ಎಲ್ಲ ಕೀಗಳೂ ನಮ್ಮ ಡಿಸ್ಕ್‌ನಲ್ಲೇ ಬಿದ್ದಿರುತ್ತವೆ! ಆ ಕೊನೆಯ ಬೀಗ ತೆಗೆಯುವ ಕೀ ಮಾತ್ರ ಅವರ ಬಳಿಯಿಂದ ಆಚೆ ಬಂದೇ ಇಲ್ಲ. ಪ್ರೋಗ್ರಾಂ ಎಷ್ಟು ಬಿಚ್ಚಿದರೂ ಸಿಗುವುದು ಪಬ್ಲಿಕ್ ಕೀ ಅಷ್ಟೇ.

ಕೆಲವು ವಿಂಡೋಸ್ ಎಕ್ಸ್‌ಪಿ ಯಂತ್ರಗಳಲ್ಲಿ ಆರ್‌ಎಸ್‌ಎ ಕೀಯ ಮೂಲ ಸಂಖ್ಯೆಗಳು ಮೆಮೊರಿಯಲ್ಲಿ ಉಳಿದಿದ್ದವು. ರೀಸ್ಟಾರ್ಟ್ ಮಾಡದವರಲ್ಲಿ ಕೆಲವರಿಗೆ ಫೈಲ್ ವಾಪಸ್ ಸಿಕ್ಕಿತು. ಅದು ಅದೃಷ್ಟ, ನಂಬಿ ಕೂರುವಂಥದ್ದಲ್ಲ.

ಹಾಗಾದರೆ ಉಳಿಯುವುದು ಬ್ಯಾಕಪ್. ಇದು ದಾಳಿಕೋರರಿಗೂ ಗೊತ್ತು. ಅದಕ್ಕೇ ರ‍್ಯಾನ್ಸಮ್‌ವೇರ್ ಸಾಮಾನ್ಯವಾಗಿ ಈ ಕಮಾಂಡ್ ಓಡಿಸಿ ವಿಂಡೋಸ್ ಇಟ್ಟುಕೊಂಡ ಹಳೆಯ ಪ್ರತಿಗಳನ್ನು ಅಳಿಸುತ್ತದೆ:

```
vssadmin delete shadows /all /quiet
```

ಸದಾ ಸಿಕ್ಕಿಸಿಟ್ಟ ಯುಎಸ್‌ಬಿ ಡಿಸ್ಕ್, ನೆಟ್‌ವರ್ಕ್ ಫೋಲ್ಡರ್ ಕೂಡ ಅದಕ್ಕೆ ಇನ್ನೊಂದು ಡ್ರೈವ್ ಅಷ್ಟೇ. ಕ್ಲೌಡ್ ಸಿಂಕ್ ಅಂತೂ ಕೆಟ್ಟ ಫೈಲನ್ನೇ ‘ಹೊಸ ಆವೃತ್ತಿ’ ಅಂದುಕೊಂಡು ಮೇಲೇರಿಸುತ್ತದೆ. ಹಳೆಯ ಆವೃತ್ತಿ ಉಳಿಸುವ ಸೌಲಭ್ಯ ಇದ್ದರೆ ಬಚಾವ್, ಆದರೆ ನಿಮ್ಮ ಲಾಗಿನ್ ಅವರ ಕೈಗೆ ಸಿಕ್ಕರೆ ಅದನ್ನೂ ಅಳಿಸಬಹುದು ಅಲ್ವಾ?

ಕೇಬಲ್ ಕಿತ್ತಿಟ್ಟ ಡಿಸ್ಕ್‌ಗೆ ಮಾತ್ರ ಯಾವ ಕಮಾಂಡೂ ತಲುಪಲ್ಲ. ಎರಡು ಡಿಸ್ಕ್ ಇಟ್ಟುಕೊಂಡು ಸರದಿಯಲ್ಲಿ ಬಳಸಿ. ಒಂದು ಸಿಕ್ಕಿಸಿದ್ದಾಗಲೇ ದಾಳಿ ನಡೆದರೂ ಇನ್ನೊಂದು ಹೊರಗಿರುತ್ತದೆ. ಆಗಾಗ ಬೇರೆ ಕಂಪ್ಯೂಟರ್‌ನಲ್ಲಿ ನಾಲ್ಕು ಫೈಲ್ ತೆರೆದು ನೋಡಿ, ಸುಮ್ನೆ ‘ಬ್ಯಾಕಪ್ ಆಗಿದೆ’ ಅನ್ನುವ ಸಂದೇಶ ನಂಬಬೇಡಿ. ದಾಳಿ ಆದ ಮೇಲೆ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವ ತನಕ ಆ ಡಿಸ್ಕನ್ನು ಅದಕ್ಕೆ ಸಿಕ್ಕಿಸಬೇಡಿ. ಕದ್ದೊಯ್ದ ಮಾಹಿತಿಯನ್ನು ಬಯಲು ಮಾಡುತ್ತೇವೆ ಎಂಬ ಬೆದರಿಕೆಗೆ ಮಾತ್ರ ಬ್ಯಾಕಪ್‌ನಲ್ಲಿ ಉತ್ತರವಿಲ್ಲ.