ಗ್ರಾಹಕರು ಹೇಳಿದ್ದು ನಿಜ, ಆದರೂ ಅಚ್ಚು ಹಾಕುವಂತಿಲ್ಲ

“ಇದು ನಾವು ಹೇಳಿದ್ದಲ್ಲ ಮೇಡಂ, ಗ್ರಾಹಕರೇ ಹೇಳಿದ್ದು.”

ಹದಿನಾಲ್ಕು ವರ್ಷಗಳಿಂದ ಜಾಹೀರಾತಿನ ಕರಡು ತಿದ್ದುತ್ತಿದ್ದೇನೆ. ಈ ಮಾತು ಕಿವಿಗೆ ಬೀಳದ ವಾರವಿಲ್ಲ. ಹೇಳುವವರು ಮೋಸಗಾರರೂ ಅಲ್ಲ. ತಮ್ಮ ಪದಾರ್ಥದ ಮೇಲೆ ನಿಜವಾದ ನಂಬಿಕೆ ಇಟ್ಟವರೇ ಹೆಚ್ಚು. ಅದಕ್ಕೇ ಅವರಿಗೆ ಈ ವಿಷಯ ತಿಳಿಸಿ ಹೇಳುವುದು ಕಷ್ಟ.

ಕಳೆದ ಮಳೆಗಾಲದಲ್ಲಿ ತುಮಕೂರು ಕಡೆಯ ದಂಪತಿ ತಮ್ಮ ರಾಗಿ ಮಾಲ್ಟ್ ಪುಡಿಯ ಕರಪತ್ರ ತಂದಿದ್ದರು. ರಾಗಿಯನ್ನು ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿದ ಪುಡಿ. ಪೊಟ್ಟಣ ಬಿಚ್ಚಿದ ಕೂಡಲೇ ಕೋಣೆಯೆಲ್ಲ ಘಮ್ ಎಂದಿತು. ಕರಪತ್ರದ ನಡುವೆ ಒಬ್ಬ ಹಿರಿಯ ಹೆಂಗಸಿನ ಫೋಟೊ, ಪಕ್ಕದಲ್ಲಿ ಅವರದೇ ಮಾತು: “ನನ್ನ ಶುಗರ್ 268 ಇತ್ತು. 21 ದಿನ ಕುಡಿದೆ, 131ಕ್ಕೆ ಇಳಿಯಿತು.” ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ “ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು.”

ಆ ಹೆಂಗಸು ಕಾಲ್ಪನಿಕ ಅಲ್ಲ. ಅವರು ಕೈಯಾರೆ ಬರೆದ ಕಾಗದ, ಎರಡು ರಿಪೋರ್ಟು, ಎಲ್ಲವೂ ಫೈಲಿನಲ್ಲಿ ಇದ್ದವು. ಯಜಮಾನರು ಅದನ್ನು ನನ್ನ ಮುಂದೆ ಇಟ್ಟು, “ಇದಕ್ಕಿಂತ ಪುರಾವೆ ಬೇಕಾ?” ಎಂದರು.

ನಾನು ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. 268 ಎಂಬುದು ಮನೆಯ ಗ್ಲೂಕೋಮೀಟರಿನ ಅಂಕಿ, ತಿಂಡಿ ಆದಮೇಲೆ ನೋಡಿಕೊಂಡದ್ದು. 131 ಲ್ಯಾಬಿನದು, ಖಾಲಿ ಹೊಟ್ಟೆಯದು. ಸಕ್ಕರೆ ಕಾಯಿಲೆ ಇರುವವರಲ್ಲಿ ಒಂದೇ ದಿನ ಬೆಳಿಗ್ಗೆ ಎದ್ದಾಗ 131 ಇದ್ದು, ತಿಂಡಿ ಆದಮೇಲೆ 268 ಆಗುವುದು ಅಪರೂಪವೇನಲ್ಲ. ಅಂದರೆ ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದು ಇಡುವಂತೆಯೇ ಇಲ್ಲ. ಅಳತೆಯೇ ಬೇರೆ ಬೇರೆ ಇರುವಾಗ ಏನು ಇಳಿಯಿತು, ಎಷ್ಟು ಇಳಿಯಿತು ಎಂದು ಹೇಳುವುದು ಹೇಗೆ?

ಆಮೇಲೆ ಕಾಗದವನ್ನು ಪೂರ್ತಿ ಓದಿದೆ. ಕರಪತ್ರಕ್ಕೆ ಬಂದದ್ದು ಅದರ ಎರಡು ಸಾಲು ಮಾತ್ರ. ಬಿಟ್ಟುಹೋದ ಸಾಲುಗಳಲ್ಲಿ ಆಯಮ್ಮ ಬರೆದಿದ್ದರು: ಡಾಕ್ಟರು ಅದೇ ತಿಂಗಳು ಮಾತ್ರೆ ಹೆಚ್ಚಿಸಿದರು, ರಾತ್ರಿ ಅನ್ನ ಬಿಟ್ಟೆ, ಮಗಳ ಜೊತೆ ಸಂಜೆ ನಡೆಯಲು ಶುರು ಮಾಡಿದೆ. ಒಟ್ಟು ನಾಲ್ಕು ಬದಲಾವಣೆ, ಅದರಲ್ಲಿ ಮಾಲ್ಟ್ ಒಂದು. ಅಷ್ಟೇ ಅಲ್ಲ, ಜನ ಹೊಸದೊಂದನ್ನು ಹಿಡಿಯುವುದು ಸಾಮಾನ್ಯವಾಗಿ ಶುಗರ್ ತೀರ ಏರಿ ಗಾಬರಿಯಾದ ಹೊತ್ತಿನಲ್ಲಿ. ಹಾಗೆ ಏರಿದ ಅಂಕಿ ಏನೂ ಮಾಡದಿದ್ದರೂ ಸ್ವಲ್ಪ ಕೆಳಗೆ ಬರುವ ಸಾಧ್ಯತೆ ಇದ್ದೇ ಇರುತ್ತದೆ. ಡಾಕ್ಟರುಗಳು ಎಚ್‌ಬಿಎ1ಸಿ ಪರೀಕ್ಷೆ ಬರೆದುಕೊಡುವುದೂ ಒಂದು ದಿನದ ಏರಿಳಿತವನ್ನು ನಂಬಲಾಗದ ಕಾರಣಕ್ಕೇ. ಅದು ಸುಮಾರು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. 21 ದಿನಕ್ಕೆ ಅದರಲ್ಲೂ ಪೂರ್ತಿ ಚಿತ್ರ ಸಿಗುವುದಿಲ್ಲ.

ಇಲ್ಲಿ ಆಯಮ್ಮ ಸುಳ್ಳು ಹೇಳಿಲ್ಲ, ಅಂಗಡಿಯವರೂ ಸುಳ್ಳು ಹೇಳಿಲ್ಲ. ಆದರೆ ಕರಪತ್ರ ಓದಿದವರ ತಲೆಯಲ್ಲಿ ಕೂರುವ ಮಾತು ಒಂದೇ: “ಈ ಪುಡಿ ಕುಡಿದರೆ ಶುಗರ್ ಅರ್ಧಕ್ಕೆ ಇಳಿಯುತ್ತದೆ.” ನಾನು ತಪಾಸಣೆ ಮಾಡುವುದು ಆ ಮಾತನ್ನು. ಉದ್ಧರಣ ಚಿಹ್ನೆಯೊಳಗೆ ಹಾಕಿದ ಮಾತ್ರಕ್ಕೆ ಅದು ಗ್ರಾಹಕರ ಮಾತಾಗಿ ಉಳಿಯುವುದಿಲ್ಲ. ದುಡ್ಡು ಕೊಟ್ಟು ಅಚ್ಚು ಹಾಕಿಸಿದ ಕ್ಷಣದಿಂದ ಅದು ಮಾರುವವರ ಮಾತು, ಅದಕ್ಕೆ ಆಧಾರ ತೋರಿಸುವ ಹೊಣೆಯೂ ಅವರದೇ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವಾರ ಇನ್ನೊಬ್ಬರು ಇನ್ನೊಂದು ಕಾಗದ ಹಿಡಿದು ಬರುತ್ತಾರೆ.

ಕೆಳಗಿನ ಸಣ್ಣಕ್ಷರವೂ ಕಾಪಾಡುವುದಿಲ್ಲ. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ. ಅಡಿಟಿಪ್ಪಣಿ ಮುಖ್ಯ ಮಾತನ್ನು ಬಿಡಿಸಿ ಹೇಳಬಹುದು, ಆದರೆ ಅದಕ್ಕೆ ವಿರುದ್ಧ ಹೋಗುವಂತಿಲ್ಲ, ದಾರಿತಪ್ಪಿಸುವ ಮಾತನ್ನು ತಿದ್ದಲು ಅದನ್ನು ಬಳಸುವಂತಿಲ್ಲ. ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಟಿಪ್ಪಣಿಯೂ ಅದೇ ಭಾಷೆಯಲ್ಲಿ ಇರಬೇಕು. ಗ್ರಾಹಕ ರಕ್ಷಣಾ ಕಾಯ್ದೆ, 2019ರಡಿ ಮೊದಲ ಸಲದ ದಂಡವೇ 10 ಲಕ್ಷ ರೂಪಾಯಿವರೆಗೆ ಹೋಗಬಹುದು.

ಯಜಮಾನರ ಮುಂದಿನ ಪ್ರಶ್ನೆ ಸರಿಯಾದದ್ದೇ ಇತ್ತು. “ಹಾಗಾದರೆ ನೂರು ಜನರ ರಿಪೋರ್ಟು ತರಲೇ?” ಬೇಡ ಎಂದೆ. ಈ ಬಾಗಿಲಿಗೆ ಎರಡು ಬೀಗ ಇವೆ. ಒಂದು ಆಧಾರದ್ದು: ಇದೇ ಪುಡಿಯನ್ನು ಕುಡಿದವರನ್ನೂ ಕುಡಿಯದವರನ್ನೂ ಹೋಲಿಸಿ ಮಾಡಿದ ಅಧ್ಯಯನ ಬೇಕು, ಮೆಚ್ಚಿ ಬರೆದವರ ಕಾಗದಗಳನ್ನಷ್ಟೇ ಆಯ್ದುಕೊಂಡರೆ ನೂರಾದರೂ ಸಾವಿರವಾದರೂ ಅಷ್ಟೇ. ಇನ್ನೊಂದು ಅನುಮತಿಯದು: ಆಹಾರ ಪದಾರ್ಥ ಮಾರುವವರು ಅದು ಕಾಯಿಲೆ ತಡೆಯುತ್ತದೆ, ವಾಸಿ ಮಾಡುತ್ತದೆ ಎಂದು ಹೇಳಿಕೊಳ್ಳುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳು, ವಿಶೇಷ ಅನುಮತಿ ಇದ್ದ ಸಂದರ್ಭ ಬಿಟ್ಟರೆ, ಒಪ್ಪುವುದಿಲ್ಲ. ಇನ್ನು ಔಷಧಿ ಎಂದೇ ಮಾರಲು ಹೊರಟರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಎದುರಾಗುತ್ತದೆ. ಅದರ ಪಟ್ಟಿಯಲ್ಲಿ ಮಧುಮೇಹವೂ ಇದೆ. ನಾನು ವಕೀಲೆ ಅಲ್ಲ. ನಿಮ್ಮ ಪದಾರ್ಥ ಯಾವ ವರ್ಗಕ್ಕೆ ಸೇರುತ್ತದೆ ಎಂಬ ಅನುಮಾನ ಇದ್ದರೆ ತಿಳಿದವರನ್ನು ಕೇಳಿಯೇ ಮುಂದುವರಿಯಿರಿ.

ನಿಯಮಕ್ಕಿಂತ ನನಗೆ ದಿಗಿಲಾಗುವುದು ಬೇರೆ ಕಾರಣಕ್ಕೆ. ನಮ್ಮ ಸೋದರತ್ತೆ ಇಂಥದೇ ಒಂದು ಕರಪತ್ರ ಓದಿ, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿ ಕಷಾಯ ಹಿಡಿದಿದ್ದರು. ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಕರೆದೊಯ್ದ ದಿನವೇ ನಮಗೆ ಗೊತ್ತಾದದ್ದು. ಆ ಕರಪತ್ರದಲ್ಲಿ ಮಾತ್ರೆ ಬಿಡಿ ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ.

ಈ ದಂಪತಿ ತಂದ ಕರಪತ್ರದ ಹಿಂಬದಿಯಲ್ಲಿ ಇನ್ನೊಂದು ಚೌಕ ಇತ್ತು: “ಮನೆಯಿಂದಲೇ ನಮ್ಮ ಪುಡಿ ಮಾರಿ, ತಿಂಗಳಿಗೆ 30,000 ಗಳಿಸಿ.” ಇದರ ಹಿಂದೆಯೂ ಒಬ್ಬರೇ. ಕೆದಕಿದಾಗ ತಿಳಿಯಿತು, 30,000 ಅವರ ಒಟ್ಟು ಮಾರಾಟ. ನೂರಕ್ಕೆ ಇಪ್ಪತ್ತರಂತೆ ಕಮಿಷನ್ ಹಿಡಿದರೆ ಕೈಗೆ ಬಂದದ್ದು 6,000, ಅದರಲ್ಲಿ ಆಟೊ ಖರ್ಚು ಬೇರೆ. ಒಟ್ಟು ಮಾರುವವರು ಎಷ್ಟು ಜನ, ಅವರಲ್ಲಿ ಗಳಿಕೆಯಲ್ಲಿ ನಟ್ಟನಡುವೆ ಇರುವವರು ತಿಂಗಳಿಗೆ ಎಷ್ಟು ಉಳಿಸುತ್ತಾರೆ ಎಂದು ಕೇಳಿದೆ. ಲೆಕ್ಕ ಇಟ್ಟಿರಲಿಲ್ಲ. ಲೆಕ್ಕ ಸಿಗುವವರೆಗೆ ಚೌಕ ತೆಗೆಯಿರಿ ಎಂದು ಬರೆದೆ.

ಶುಗರ್ ಎಂಬ ಪದವನ್ನೂ, ಗ್ಲೂಕೋಮೀಟರಿನ ಚಿತ್ರವನ್ನೂ ಪೂರ್ತಿ ತೆಗೆಸಿದೆ. ಪದ ಹೋಗಿ ಚಿತ್ರ ಉಳಿದರೂ ಓದುಗರಿಗೆ ಅದೇ ಅರ್ಥ ತಲುಪುತ್ತದೆ. ಬದಲಿಗೆ ನಾರಿನಂಶದ ಮಾತು ಹಾಕೋಣ ಎಂದೆವು. “ನಾರು ಹೆಚ್ಚು” ಎಂದು ಬರೆಯಲು ಇಂಥ ಪುಡಿಯಲ್ಲಿ ನೂರು ಗ್ರಾಂಗೆ ಕನಿಷ್ಠ 6 ಗ್ರಾಂ ನಾರು ಇರಬೇಕು. ರಾಗಿಯಲ್ಲಿ ಅದಕ್ಕಿಂತ ಹೆಚ್ಚೇ ಇದೆ ಎಂದು ಅವರು ಒಂದು ಪುಸ್ತಕದ ಪುಟ ತೋರಿಸಿದರು. ರಾಗಿಯಲ್ಲಿ ಇರಬಹುದು, ಆದರೆ ನೀವು ಮಾರುವುದು ಮೊಳಕೆ ಕಟ್ಟಿ, ಜರಡಿ ಹಿಡಿದ ಪುಡಿ. ಜರಡಿಯಲ್ಲಿ ಹೊಟ್ಟಿನ ಜೊತೆ ನಾರೂ ಹೋಗುತ್ತದೆ. ಪೊಟ್ಟಣದೊಳಗಿನ ಪುಡಿಯನ್ನೇ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಕಳಿಸಿ ಎಂದೆ. ಹದಿನೈದು ದಿನಕ್ಕೆ ವರದಿ ಬಂತು: 7.4 ಗ್ರಾಂ. ಆ ಸಾಲು ಉಳಿಯಿತು.

ಆಯಮ್ಮನ ಫೋಟೊ ತೆಗೆಯಬೇಕಾಗಿ ಬಂದದ್ದಕ್ಕೆ ಯಜಮಾನತಿಗೆ ಬೇಸರ. ನಾನು ಕಾಗದ ಮತ್ತೆ ಬಿಚ್ಚಿ ಕೊನೆಯ ಸಾಲು ತೋರಿಸಿದೆ: “ಗಂಟು ಕಟ್ಟುವುದಿಲ್ಲ, ಬೆಳಿಗ್ಗೆ ಐದು ನಿಮಿಷದಲ್ಲಿ ಆಗುತ್ತೆ, ಮೊಮ್ಮಗನೂ ಕೇಳಿ ಕುಡಿಯುತ್ತಾನೆ.” ಆಯಮ್ಮನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆವು. ಕರಪತ್ರದಲ್ಲಿ ಈಗ ಅವರ ಫೋಟೊದ ಪಕ್ಕ ಆ ಸಾಲು ಇದೆ.