ಅನುಪಾತ 4 ಇದ್ದರೂ ಖಾತೆ ಖಾಲಿಯಾಗುವುದೇಕೆ?

ಪ್ರಶ್ನೆ: ನಮ್ಮದು ತಿಂಗಳ ಚಂದಾ ಕಟ್ಟಿ ಬಳಸುವ ಆ್ಯಪ್. ಶುರುವಾಗಿ ಎರಡು ವರ್ಷವಾಯಿತು. ಚಂದಾ 500. ತಿಂಗಳಿಗೆ ಸುಮಾರು ಶೇ 5ರಷ್ಟು ಜನ ಬಿಟ್ಟುಹೋಗುತ್ತಾರೆ. ಜಾಹೀರಾತಿಗೆ ತಿಂಗಳಿಗೆ 5 ಲಕ್ಷ ಹಾಕುತ್ತೇವೆ, 200 ಹೊಸ ಚಂದಾದಾರರು ಬರುತ್ತಾರೆ. ಅಂದರೆ ಒಬ್ಬರನ್ನು ತರುವ ಖರ್ಚು 2,500. ಅವರು ಸರಾಸರಿ 20 ತಿಂಗಳು ಇದ್ದು ಕೊಡುವುದು 10,000. ಅನುಪಾತ 4. 3 ಇದ್ದರೆ ಸಾಕು ಎನ್ನುತ್ತಾರೆ. ಹಾಗಿದ್ದೂ ಬ್ಯಾಂಕಿನಲ್ಲಿ ಹಣ ನಿಲ್ಲುತ್ತಿಲ್ಲ. ಎಲ್ಲಿ ತಪ್ಪಿದ್ದೇವೆ?

ಉತ್ತರ: ನಿಮ್ಮ ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇದೆ. ತಪ್ಪಿರುವುದು ಅದಕ್ಕೆ ಹಾಕಿದ ಅಂಕಿಗಳಲ್ಲಿ. ಇನ್ನೊಂದು ಮಾತು: ಈ ಅನುಪಾತ ಹಣ ಎಷ್ಟು ಬರುತ್ತದೆ ಎಂದು ಹೇಳುತ್ತದೆಯೇ ಹೊರತು ಯಾವಾಗ ಬರುತ್ತದೆ ಎಂದು ಹೇಳುವುದಿಲ್ಲ. ಬ್ಯಾಂಕ್ ಖಾತೆಗೆ ಬೇಕಿರುವುದು ಎರಡನೆಯದು. '3 ಇದ್ದರೆ ಸಾಕು' ಎಂಬ ಮಾತನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಹೂಡಿಕೆದಾರ ಡೇವಿಡ್ ಸ್ಕಾಕ್ ಅದರ ಜೊತೆಗೇ ಮತ್ತೊಂದು ಷರತ್ತನ್ನೂ ಇಟ್ಟಿದ್ದರು: ಗ್ರಾಹಕರನ್ನು ತರಲು ಹಾಕಿದ ಹಣ 12 ತಿಂಗಳೊಳಗೆ ವಾಪಸ್ ಬರಬೇಕು. ಮೊದಲ ಅರ್ಧ ಎಲ್ಲರ ಬಾಯಲ್ಲೂ ಉಳಿಯಿತು, ಎರಡನೆಯದು ಜಾರಿಹೋಯಿತು.

ನಿಮ್ಮ ಲೆಕ್ಕವನ್ನೇ ಒಂದೊಂದಾಗಿ ಬಿಚ್ಚೋಣ. ನೀವು ಕೊಡದ ಕಡೆ ಇಂಥ ಕಂಪನಿಗೆ ಹೊಂದುವ ಅಂಕಿಗಳನ್ನು ಊಹಿಸಿಕೊಂಡಿದ್ದೇವೆ. ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

500ರಲ್ಲಿ ನಿಮಗೆ ಉಳಿಯುವುದೆಷ್ಟು

ಗ್ರಾಹಕರ ಜೀವಿತಾವಧಿ ಮೌಲ್ಯವನ್ನು (ಎಲ್‌ಟಿವಿ) ಚಂದಾದಿಂದ ಅಳೆಯುವಂತಿಲ್ಲ, ಚಂದಾದಲ್ಲಿ ಉಳಿದದ್ದರಿಂದ ಅಳೆಯಬೇಕು. ಪೇಮೆಂಟ್ ಗೇಟ್‌ವೇ ಶುಲ್ಕ, ಸರ್ವರ್ ಬಾಡಿಗೆ, ಗ್ರಾಹಕ ಸೇವೆಯವರ ಸಂಬಳ, ರೀಫಂಡ್ ಇವೆಲ್ಲ ಪ್ರತಿ ಚಂದಾದಾರರ ಬೆನ್ನಿಗೇ ಅಂಟಿಕೊಂಡು ಬರುತ್ತವೆ. ಇವು ಒಟ್ಟು 150 ಎಂದುಕೊಂಡರೆ ಉಳಿಯುವುದು 350. 20 ತಿಂಗಳಿಗೆ 7,000. ಹತ್ತು ಸಾವಿರದಲ್ಲಿ ಮೂರು ಸಾವಿರ ಇಲ್ಲೇ ಹೋಯಿತು.

ತರುವ ಖರ್ಚಿನ (ಕ್ಯಾಕ್) ಕಡೆಗೂ ಇದೇ ಕಥೆ. ಜಾಹೀರಾತಿನ ಬಿಲ್ ಒಂದೇ ಖರ್ಚಲ್ಲ. ಮಾರ್ಕೆಟಿಂಗ್ ಮತ್ತು ಮಾರಾಟದವರ ಸಂಬಳ 2,20,000, ಏಜೆನ್ಸಿ ಮತ್ತು ಸಾಫ್ಟ್‌ವೇರ್‌ಗೆ 40,000, ಹೊಸಬರಿಗೆ ಕೊಟ್ಟ ಕೂಪನ್ ಮತ್ತು ಉಚಿತ ಪ್ರಯೋಗಾವಧಿಯ ವೆಚ್ಚ 40,000 ಎಂದಿಟ್ಟುಕೊಳ್ಳಿ. ಜಾಹೀರಾತು ಸೇರಿ ಒಟ್ಟು 8 ಲಕ್ಷ. ಅದನ್ನು 200ರಿಂದ ಭಾಗಿಸಿದರೆ ತಲೆಗೆ 4,000. ಈ 200ರಲ್ಲಿ ಉಚಿತ ಪ್ರಯೋಗದಲ್ಲಿ ಇರುವವರನ್ನೂ ಸೇರಿಸಿದ್ದರೆ ಅವರನ್ನು ಹೊರಗಿಡಿ. ಮೊದಲ ಚಂದಾ ಕಟ್ಟುವವರೆಗೆ ಅವರು ಗ್ರಾಹಕರಲ್ಲ, ಬರೀ ಖರ್ಚು.

7,000ಕ್ಕೆ 4,000. ನಿಮ್ಮ 4 ಎಂಬ ಅನುಪಾತ ಈಗ 1.75ಕ್ಕೆ ಇಳಿಯಿತು. ಆ 200ರಲ್ಲಿ 40 ಮಂದಿ ಸ್ನೇಹಿತರು ಹೇಳಿ ತಾವಾಗಿಯೇ ಬಂದವರಾದರೆ, ದುಡ್ಡು ಕೊಟ್ಟು ತಂದವರು 160 ಮಾತ್ರ. ಅವರ ತಲೆಗೆ 5,000 ಬೀಳುತ್ತದೆ. ಜಾಹೀರಾತು ಹೆಚ್ಚಿಸಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ನೋಡಬೇಕಾದದ್ದು ಈ ಅಂಕಿಯನ್ನು.

ಶೇ 5ರ ಒಳಗೆ ಅಡಗಿರುವುದು

ಮುಖ್ಯವಾದ ಎಡವಟ್ಟು ಇಲ್ಲಿದೆ. '1 ಭಾಗಿಸು 0.05, ಆದ್ದರಿಂದ 20 ತಿಂಗಳು' ಎಂಬ ಸೂತ್ರ ಪ್ರತಿ ತಿಂಗಳೂ ಒಂದೇ ಪ್ರಮಾಣದಲ್ಲಿ ಜನ ಬಿಡುತ್ತಾರೆ ಎಂದು ನಂಬಿದೆ. ಚಂದಾದಾರರು ಹಾಗೆ ಬಿಡುವುದಿಲ್ಲ. ಸುಮ್ಮನೆ ನೋಡೋಣ ಎಂದು ಬಂದವರು ಮೊದಲೆರಡು ತಿಂಗಳಲ್ಲೇ ಗುಂಪಾಗಿ ಹೊರಡುತ್ತಾರೆ. ಅಷ್ಟು ದಿನ ದಾಟಿದವರು ಬೇರು ಬಿಟ್ಟಂತೆ ಕೂರುತ್ತಾರೆ. ಎರಡನ್ನೂ ಬೆರೆಸಿ ಸರಾಸರಿ ತೆಗೆದಾಗ ಬರುವುದು ಶೇ 5.

ಇದನ್ನು ಕಾಣಬೇಕಾದರೆ ಒಂದೇ ತಿಂಗಳಲ್ಲಿ ಸೇರಿದವರನ್ನು ಒಂದು ಬ್ಯಾಚು ಎಂದು ಹಿಡಿದು, ಆ ಬ್ಯಾಚಿನಲ್ಲಿ ಪ್ರತಿ ತಿಂಗಳು ಎಷ್ಟು ಮಂದಿ ಚಂದಾ ಕಟ್ಟಿದರು ಎಂದು ಒಂದು ಸಾಲಿನಲ್ಲಿ ಬರೆಯಿರಿ. 100 ಮಂದಿಯ ಬ್ಯಾಚು ಹೀಗಿದೆ ಎನ್ನಿ: ಮೊದಲ ತಿಂಗಳು 100, ಆಮೇಲೆ 80, 70, 65, 62, 60, 58, 56, 54, 52, 51, ಹನ್ನೆರಡನೇ ತಿಂಗಳು 50. ಅಲ್ಲಿಂದ ಮುಂದೆ ತಿಂಗಳಿಗೆ ಒಬ್ಬರಂತೆ ಕಡಿಮೆ. ಈ ಸಾಲು ಸ್ಪ್ರೆಡ್‌ಶೀಟ್‌ನ B2ರಿಂದ M2ವರೆಗೆ ಇದ್ದರೆ, ಒಂದು ವರ್ಷದಲ್ಲಿ ತಲೆಗೆ ಎಷ್ಟು ಉಳಿಯಿತು ಎಂಬುದಕ್ಕೆ ಇಷ್ಟು ಸಾಕು:

```
=SUM(B2:M2)/B2*350
```

ಉತ್ತರ 2,653. ತಂದ ಖರ್ಚು 4,000. ಅಂದರೆ ವರ್ಷ ಕಳೆದರೂ ಹಾಕಿದ್ದರಲ್ಲಿ ಮೂರನೇ ಒಂದು ಭಾಗ ಇನ್ನೂ ಬಾಕಿ. ಸಾಲನ್ನು ಮುಂದಕ್ಕೆ ಎಳೆದರೆ 4,000 ದಾಟುವುದು 21ನೇ ತಿಂಗಳಲ್ಲಿ. 4,000ವನ್ನು 350ರಿಂದ ಭಾಗಿಸಿ 'ಹನ್ನೆರಡು ತಿಂಗಳೊಳಗೇ ವಸೂಲಾಗುತ್ತದೆ' ಎಂದು ಹೇಳುವವರು ಬಹಳ ಮಂದಿ. ಆ ಲೆಕ್ಕದಲ್ಲಿ ಯಾರೂ ಬಿಟ್ಟುಹೋಗುವುದೇ ಇಲ್ಲ.

ಹಾಗಾದರೆ ಸೂತ್ರ ಸುಳ್ಳೇ? ಪೂರ್ತಿ ಸುಳ್ಳಲ್ಲ. ಈ ಬ್ಯಾಚಿನ ಕೊನೆಯ ವ್ಯಕ್ತಿ ಹೋಗುವವರೆಗೆ ಕೂಡಿದರೆ ತಲೆಗೆ 19.8 ಚಂದಾ ಬರುತ್ತದೆ, ಹೆಚ್ಚುಕಡಿಮೆ ಅದೇ 20. ಆದರೆ ಮೊದಲ 24 ತಿಂಗಳಲ್ಲಿ ಬರುವುದು 12.8 ಮಾತ್ರ. ಮಿಕ್ಕ 7, ಅಂದರೆ ಮೂರನೇ ಒಂದಕ್ಕಿಂತ ತುಸು ಹೆಚ್ಚು, ಎರಡು ವರ್ಷದ ಆಚೆಗೆ ಇದೆ. ನಿಮ್ಮ ಕಂಪನಿಗೇ ಎರಡು ವರ್ಷ. ಹಾಗಾಗಿ ಆ ಹಣವನ್ನು ನೀವು ಇನ್ನೂ ಕಂಡಿಲ್ಲ, ಬರುತ್ತದೆ ಎಂದು ಎಣಿಸಿದ್ದೀರಿ ಅಷ್ಟೇ. ಅಷ್ಟರಲ್ಲಿ ಪ್ರತಿಸ್ಪರ್ಧಿ ಬರಬಹುದು, ಚಂದಾ ಇಳಿಸಬೇಕಾಗಬಹುದು. ಹೊಸ ಕಂಪನಿಗಳು ಎಲ್‌ಟಿವಿಯನ್ನು 24 ತಿಂಗಳಿಗೆ ಕತ್ತರಿಸಿ ಲೆಕ್ಕ ಹಾಕುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಹಾಗೆ ಮಾಡಿದರೆ ನಿಮ್ಮದು 4,480, ಅನುಪಾತ 1.12. ಓದಲು ಹಿತವಲ್ಲ, ಆದರೆ ನಿಮ್ಮ ಬ್ಯಾಂಕ್ ಪಾಸ್‌ಬುಕ್ ಹೇಳುತ್ತಿರುವುದೂ ಅದನ್ನೇ.

ಖಾತೆಯಲ್ಲಿ ಏನಾಗುತ್ತಿದೆ

ಎರಡು ವರ್ಷ, ತಿಂಗಳಿಗೆ 200ರಂತೆ ಈ ಬ್ಯಾಚುಗಳು ಒಂದರ ಮೇಲೊಂದು ಸೇರಿದರೆ ಇವತ್ತು ನಿಮ್ಮ ಬಳಿ ಇರುವ ಚಂದಾದಾರರು ಸುಮಾರು 2,560. ತಿಂಗಳಿಗೆ ಬಿಡುವವರು 126, ಅದೇ ನಿಮ್ಮ ಶೇ 5. ತಲೆಗೆ 350ರಂತೆ ಉಳಿಯುವುದು 8,96,000. ಅದರಲ್ಲಿ 8 ಲಕ್ಷ ಮುಂದಿನ 200 ಮಂದಿಯನ್ನು ತರಲು ಹೋಗುತ್ತದೆ. ಕೈಯಲ್ಲಿ 96,000. ಎಂಜಿನಿಯರ್‌ಗಳ ಸಂಬಳ, ಕಚೇರಿ ಬಾಡಿಗೆ, ಲೆಕ್ಕಪತ್ರ ಎಲ್ಲ ಇಷ್ಟರಲ್ಲೇ ಆಗಬೇಕು. ಆಗುವುದಿಲ್ಲ, ಖಾತೆ ಕರಗುತ್ತದೆ.

ಇದನ್ನು ಪೂರ್ತಿ ನಷ್ಟ ಎನ್ನುವಂತಿಲ್ಲ. ಹಣ ಚಂದಾದಾರರಲ್ಲಿ ಸಿಕ್ಕಿಕೊಂಡಿದೆ, ನಿಧಾನವಾಗಿ ಹಿಂದಿರುಗುತ್ತದೆ. ಅಪಾಯ ಬರುವುದು 'ಅನುಪಾತ ಚೆನ್ನಾಗಿದೆಯಲ್ಲ' ಎಂದು ಜಾಹೀರಾತು ಹೆಚ್ಚಿಸಿದಾಗ. ಒಟ್ಟು ಖರ್ಚನ್ನು 8 ಲಕ್ಷದಿಂದ 12 ಲಕ್ಷಕ್ಕೆ ಏರಿಸಿದಿರಿ, ಹೊಸಬರು 200ರಿಂದ 250 ಆದರು ಎನ್ನಿ. ಸರಾಸರಿ 4,800, ಪರವಾಗಿಲ್ಲ ಅನಿಸುತ್ತದೆ. ಆದರೆ ಹೆಚ್ಚುವರಿ 4 ಲಕ್ಷ ತಂದದ್ದು 50 ಮಂದಿಯನ್ನು. ಅವರ ತಲೆಗೆ 8,000. ಅವರು ಕೊನೆಯವರೆಗೂ ಕೊಡುವುದು ಹೆಚ್ಚೆಂದರೆ 7,000. ಬೇಗ ಒಪ್ಪುವ ಜನ ಮೊದಲ ದುಡ್ಡಿಗೇ ಸಿಕ್ಕಿಬಿಟ್ಟಿರುತ್ತಾರೆ, ಆಮೇಲಿನವರು ದುಬಾರಿ. ಅವರು ಬೇಗ ಬಿಡುವುದೂ ಉಂಟು. ಬಜೆಟ್ ಬದಲಿಸಿದಾಗಲೆಲ್ಲ ಸರಾಸರಿಯನ್ನು ಬದಿಗಿಟ್ಟು, ಹೆಚ್ಚಾದ ಖರ್ಚನ್ನು ಹೆಚ್ಚಾದ ಗ್ರಾಹಕರಿಂದ ಭಾಗಿಸಿ ನೋಡಿ. ಉಚಿತ ಪ್ರಯೋಗ ಒಂದು ತಿಂಗಳದ್ದಾದರೆ ಈ ತಿಂಗಳ ಚಂದಾದಾರರನ್ನು ಹಿಂದಿನ ತಿಂಗಳ ಖರ್ಚಿಗೆ ಹೊಂದಿಸಿ ಭಾಗಿಸಬೇಕು.

ಎಲ್ಲಿ ಕೈ ಹಾಕಬೇಕು

ಮೊದಲ ತಿಂಗಳಲ್ಲಿ. ಅಲ್ಲಿ 100ರಲ್ಲಿ 20 ಮಂದಿ ಹೋಗುತ್ತಿದ್ದಾರೆ. ಅದನ್ನು 10ಕ್ಕೆ ಇಳಿಸಿ, ಮುಂದಿನ ತಿಂಗಳುಗಳ ಪ್ರಮಾಣ ಹಾಗೇ ಇದ್ದರೆ, ಹಣ ವಾಪಸಾಗುವುದು 21ರ ಬದಲು 18ನೇ ತಿಂಗಳಿಗೆ. ಬಿಟ್ಟವರನ್ನು ಮೊದಲು ಎರಡು ಪಾಲು ಮಾಡಿ: ರದ್ದುಮಾಡುವ ಬಟನ್ ಒತ್ತಿ ಹೋದವರು, ಮತ್ತು ಕಾರ್ಡ್ ಅವಧಿ ಮುಗಿದೋ ಖಾತೆಯಲ್ಲಿ ಹಣವಿಲ್ಲದೆಯೋ ಪಾವತಿ ವಿಫಲವಾಗಿ ಬಿದ್ದುಹೋದವರು. ಎರಡನೆಯವರಿಗೆ ನಿಮ್ಮ ಮೇಲೆ ಬೇಸರವೇನೂ ಇಲ್ಲ. ಒಂದೇ ಸಲ ವಿಫಲವಾದ ಕೂಡಲೇ ಖಾತೆ ಮುಚ್ಚದೆ, ಕೆಲವು ದಿನ ಬಿಟ್ಟು ಬಿಟ್ಟು ಮತ್ತೆ ಪ್ರಯತ್ನಿಸಿ, ನಡುವೆ ಒಂದು ಸಂದೇಶ ಕಳಿಸಿದರೆ ಒಂದಷ್ಟು ಮಂದಿ ಉಳಿಯುತ್ತಾರೆ. ಜಾಹೀರಾತಿಗೆ ಹೋಲಿಸಿದರೆ ಇದಕ್ಕೆ ತಗಲುವ ಖರ್ಚು ಏನೂ ಅಲ್ಲ.

ವಾರ್ಷಿಕ ಚಂದಾ ನಗದಿನ ಸಮಸ್ಯೆಗೆ ನೇರ ಮದ್ದು. ಹತ್ತು ತಿಂಗಳ ದುಡ್ಡಿಗೆ ಹನ್ನೆರಡು ತಿಂಗಳು ಎಂದು ಕೊಟ್ಟರೆ 5,000 ಮೊದಲ ದಿನವೇ ಬರುತ್ತದೆ, ತಂದ ಖರ್ಚಾದ 4,000 ಅಂದೇ ಕೈಗೆ. ವರ್ಷದ ಸೇವಾ ವೆಚ್ಚ 1,800 ಕಳೆದರೂ 3,200 ಉಳಿಯುತ್ತದೆ. ಮಾಸಿಕದವರಿಂದ ಸರಾಸರಿ ಉಳಿದದ್ದು 2,653. ಆದರೆ ಈ ಹೋಲಿಕೆಯನ್ನು ಪೂರ್ತಿ ನಂಬಬೇಡಿ. ವಾರ್ಷಿಕ ಆರಿಸಿಕೊಳ್ಳುವವರಲ್ಲಿ ಹೇಗೂ ವರ್ಷವಿಡೀ ಉಳಿಯುತ್ತಿದ್ದವರೇ ಹೆಚ್ಚು, ಅಂಥವರು ಮಾಸಿಕದಲ್ಲಿದ್ದರೆ 4,200 ಉಳಿಸುತ್ತಿದ್ದರು. ಬೇಗ ಸಿಕ್ಕ ನಗದಿಗೆ ತಲೆಗೆ 1,000 ಬಡ್ಡಿ ಕೊಟ್ಟಂತಾಯಿತು. ಖಾತೆ ಬತ್ತುತ್ತಿರುವಾಗ ಅದು ಕೊಡಬಹುದಾದ ಬಡ್ಡಿಯೇ.

ಒಂದು ಎಚ್ಚರ. ವಾರ್ಷಿಕದವರು ಹನ್ನೊಂದು ತಿಂಗಳು ಬಿಡಲು ಅವಕಾಶವೇ ಇಲ್ಲದವರು. ಅವರನ್ನು ಮಾಸಿಕದವರ ಜೊತೆ ಬೆರೆಸಿದರೆ ಬಿಡುವವರ ಪ್ರಮಾಣ ಶೇ 5ರಿಂದ 3ಕ್ಕೋ 4ಕ್ಕೋ ತಾನಾಗಿ ಇಳಿದಂತೆ ಕಾಣುತ್ತದೆ, ಎಲ್‌ಟಿವಿ ಉಬ್ಬುತ್ತದೆ, ಏನೂ ಬದಲಾಗಿರುವುದಿಲ್ಲ. ಅವರಿಗೆ ಸ್ಪ್ರೆಡ್‌ಶೀಟ್‌ನಲ್ಲಿ ಬೇರೆಯೇ ಸಾಲು ಇಡಿ, ಹದಿಮೂರನೇ ತಿಂಗಳಲ್ಲಿ ಎಷ್ಟು ಮಂದಿ ನವೀಕರಿಸಿದರು ಎಂಬ ಒಂದೇ ಅಂಕಿಯನ್ನು ನೋಡಿ.